ಇಪ್ಪತ್ತು ನಿಮಿಷದಲ್ಲಿ ಫಂಡ್ ಆಯ್ತು ಅಂತ ಕುಣಿದೆ, 183 ಡಾಲರ್ ಹೋಯ್ತು

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೂ ಹೇಳುತ್ತೇನೆ, ಇನ್ನೊಬ್ಬರು ಇದೇ ಹಳ್ಳಕ್ಕೆ ಬೀಳೋದು ಬೇಡ. ಕಿಕ್‌ಸ್ಟಾರ್ಟರ್ ಅನ್ನುವ ಕ್ರೌಡ್‌ಫಂಡಿಂಗ್ ತಾಣದಲ್ಲಿ, ಅಂದರೆ ವಸ್ತು ತಯಾರಾಗುವ ಮೊದಲೇ ಜನ ದುಡ್ಡು ಹಾಕುವ ಜಾಗದಲ್ಲಿ, ಒಂದು ಬೋರ್ಡ್ ಗೇಮ್‌ಗೆ ದುಡ್ಡು ಹಾಕಿದ್ದೆ. ಮೂರು ವರ್ಷ ಕಾದೆ. ಡಬ್ಬ ಬರಲಿಲ್ಲ, ದುಡ್ಡೂ ಬರಲಿಲ್ಲ. ಬಂದಿದ್ದು ನಾಲ್ಕು ಸಾಲಿನ ಅಪ್‌ಡೇಟ್. ಪ್ರಾಜೆಕ್ಟ್ ನಿಲ್ಲಿಸಿದ್ದಾರಂತೆ, ಕ್ಷಮಿಸಬೇಕಂತೆ.

ಶುರುವಿನಲ್ಲಿ ನಾನು ಹಾಕಿದ್ದು 79 ಡಾಲರ್, ಒಂದು ಡಬ್ಬ ಸಿಗುವ ಬೇಸ್ ಪ್ಲೆಡ್ಜ್ ಅಷ್ಟೇ. ಒಟ್ಟು ದುಡ್ಡು ಏರಿದ ಹಾಗೆ ಡಬ್ಬಕ್ಕೆ ಹೊಸದೇನಾದರೂ ಸೇರಿಸುವ ಸ್ಟ್ರೆಚ್ ಗೋಲ್ ದಿನಾ ಒಂದು ತೆರೆದುಕೊಳ್ಳುತ್ತಿತ್ತು. ಇವತ್ತು ಇನ್ನೊಂದು ರಾಕ್ಷಸ, ನಾಳೆ ಇನ್ನೆರಡು. ಕೊನೆಯ ರಾತ್ರಿ ತಡೆಯಲಾರದೆ ಎಲ್ಲ ಎಕ್ಸ್‌ಟ್ರಾ ಸೇರಿದ 145ರ ಆಲ್-ಇನ್‌ಗೆ ಏರಿಸಿದೆ. ಎಂಟು ತಿಂಗಳ ಮೇಲೆ ವಿಳಾಸ, ಬಾಕಿ ದುಡ್ಡು ತೆಗೆದುಕೊಳ್ಳುವ ಪ್ಲೆಡ್ಜ್ ಮ್ಯಾನೇಜರ್ ಅನ್ನುವ ಪುಟ ತೆರೆದರು, ಶಿಪ್ಪಿಂಗ್ ಅಂತ ಇನ್ನೂ 38 ಕಿತ್ತರು. ಅಲ್ಲಿಗೆ 183. ಶಿಪ್ಪಿಂಗ್ ಆಮೇಲೆ ವಸೂಲಿ ಮಾಡೋದು ಈಗ ಮಾಮೂಲಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಇವರ ಡಬ್ಬ ಫ್ಯಾಕ್ಟರಿಗೇ ಹೋಗಿರಲಿಲ್ಲ!

ಅದು ಗೊತ್ತಾಗಿದ್ದು ಒಂದು ಫೋಟೋದಿಂದ. 19ನೇ ಅಪ್‌ಡೇಟ್‌ನಲ್ಲಿ "ಫ್ಯಾಕ್ಟರಿಯಿಂದ ಮೊದಲ ಮಾದರಿಗಳು ಬಂದಿವೆ" ಅಂತ ಗೇಮ್‌ನ ಡ್ರ್ಯಾಗನ್ ಬೊಂಬೆಯ ಫೋಟೋ ಹಾಕಿದ್ದರು. ಖುಷಿಯಿಂದ ದೊಡ್ಡದು ಮಾಡಿ ನೋಡಿದೆ. ಎಡ ರೆಕ್ಕೆಯ ತುದಿ ಮುರಿದಿತ್ತು. ಈ ಮುರಿದ ರೆಕ್ಕೆಯನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಹೋಗಿ ಮೊದಲ ದಿನದ ವಿಡಿಯೋ ಹಾಕಿದೆ. ಅದೇ ಡ್ರ್ಯಾಗನ್, ಅದೇ ಮುರಿದ ತುದಿ. ಮೈಮೇಲೆ ಕೂದಲೆಳೆಯಂಥ ಅಡ್ಡಗೆರೆಗಳು ಬೇರೆ. ಅವು 3ಡಿ ಪ್ರಿಂಟರ್ ಪದರ ಪದರವಾಗಿ ಕಟ್ಟುವಾಗ ಉಳಿಯುವ ಗೆರೆಗಳು. ಉಕ್ಕಿನ ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಮೇಲೆ ಅವು ಇರೋದಿಲ್ಲ. ಒಂದೂವರೆ ವರ್ಷ ಆದಮೇಲೂ ಇವರ ಹತ್ತಿರ ಇದ್ದದ್ದು ಅದೇ ಒಂದು ಪ್ರೊಟೊಟೈಪ್. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯ್ತು.

ಕೇಳಿದೆ. ಬಂದ ಉತ್ತರ: "ಅದು ಸುಮ್ನೆ ಉದಾಹರಣೆಗೆ ಹಾಕಿದ ಫೋಟೋ." ರೀಫಂಡ್ ಕೇಳಿದೆ. "ನೀವು ಗಿರಾಕಿ ಅಲ್ಲ, ಬ್ಯಾಕರ್. ಇದು ಅಂಗಡಿ ಅಲ್ಲ." ಸಿಟ್ಟು ನೆತ್ತಿಗೇರಿತು, ಆದರೆ ಮಾತು ನಿಜವೇ. ಕಿಕ್‌ಸ್ಟಾರ್ಟರ್‌ನ ನಿಯಮವೂ ಹಾಗೇ ಇದೆ. ತಾಣ ದುಡ್ಡು ವಾಪಸ್ ಕೊಡೋದಿಲ್ಲ. ಗೇಮ್ ಮುಗಿಸಲಾಗದಿದ್ದರೆ ಮಾಡಿದವರು ಖರ್ಚಿನ ಲೆಕ್ಕ ಹೇಳಬೇಕು, ಉಳಿದದ್ದನ್ನು ಹಿಂದಿರುಗಿಸಬೇಕು. ಹಾಗಾದರೆ ಲೆಕ್ಕ ಕೊಡಿ ಅಂದೆ. "ಎಲ್ಲ ಅಚ್ಚುಗಳಿಗೆ ಖರ್ಚಾಗಿದೆ." ಯಾವ ಅಚ್ಚು ಸ್ವಾಮೀ? ಡ್ರ್ಯಾಗನ್ ಮೈಮೇಲಿನ ಗೆರೆ ನಾನು ನೋಡಿಲ್ವಾ?

ಬ್ಯಾಂಕಿಗೂ ಹೋದೆ. ತಕರಾರು ಕೊಡುವ ಅವಧಿ ಮುಗಿದಿದೆ ಅಂದರು. "ಇನ್ನೊಂದೆರಡು ತಿಂಗಳು" ಅಂತ ಗೇಮ್‌ನವರು ಹೇಳುತ್ತಾ ಹೋದರು, ನಾನು ಕಾಯುತ್ತಾ ಹೋದೆ, ಗಡುವು ದಾಟಿತು. ಕೇಸ್ ಹಾಕಿ ಅನ್ನುವವರಿಗೆ ಒಂದು ಮಾತು. 2012ರಲ್ಲಿ ಒಂದು ಬೋರ್ಡ್ ಗೇಮ್ 35,000 ಡಾಲರ್ ಕೇಳಿ 1,22,000 ಡಾಲರ್‌ಗೂ ಜಾಸ್ತಿ ಎತ್ತಿತ್ತು. ಮಾಡಿದವನು ಅದರಲ್ಲಿ ಮನೆ ಬಾಡಿಗೆಯನ್ನೂ ಕಟ್ಟಿದ್ದ ಅಂತ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಹಿಡಿಯಿತು. 2015ರಲ್ಲಿ ಲಕ್ಷ ಡಾಲರ್ ಮೀರಿದ ಮೊತ್ತ ಕಟ್ಟಬೇಕು ಅಂತಾಯಿತು. ಆದರೆ ಅವನಿಗೆ ಕಟ್ಟುವ ಶಕ್ತಿ ಇಲ್ಲ ಅಂತ ಅದನ್ನೂ ತಡೆಹಿಡಿದರು.

ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಇದು ಮೊದಲ ದಿನವೇ ಕಾಣುತ್ತಿತ್ತು. ನನ್ನ ಗೇಮ್‌ನವರು ಕೇಳಿದ ಗೋಲ್ 30,000 ಡಾಲರ್, ಒಂದು ಡಬ್ಬಕ್ಕೆ 79. ಭಾಗಿಸಿ ನೋಡಿ, ಸುಮಾರು 380 ಡಬ್ಬ. ತಾಣದ್ದು 5%, ಕಾರ್ಡ್ ಶುಲ್ಕ ಬೇರೆ, ಕೈಗೆ 27,000 ಚಿಲ್ಲರೆ. ಅಷ್ಟು ಕಡಿಮೆ ಡಬ್ಬಕ್ಕೆ ಒಪ್ಪುವ ಫ್ಯಾಕ್ಟರಿ ಸಿಗೋದೇ ಕಷ್ಟ. ಮೇಲಾಗಿ ನಲವತ್ತು ಮಿನಿಯೇಚರ್, ಅಂದರೆ ಪುಟ್ಟ ಪ್ಲಾಸ್ಟಿಕ್ ಬೊಂಬೆಗಳು. ಒಂದೊಂದು ಉಕ್ಕಿನ ಅಚ್ಚಿಗೂ ಸಾವಿರಾರು ಡಾಲರ್ ಬೇಕು. ಅಂದರೆ ಗೋಲ್ ಮುಟ್ಟಿದರೂ ಗೇಮ್ ಆಗುತ್ತಿರಲಿಲ್ಲ. "ಇಪ್ಪತ್ತು ನಿಮಿಷದಲ್ಲಿ ಫಂಡ್ ಆಯ್ತು" ಅನ್ನುವ ಬ್ಯಾನರ್‌ಗೋಸ್ಕರ ಇಟ್ಟ ಅಂಕಿ ಅದು. ಸ್ಟ್ರೆಚ್ ಗೋಲ್ ಬಂದಷ್ಟೂ ಅಚ್ಚು ಜಾಸ್ತಿ, ತೂಕ ಜಾಸ್ತಿ, ಡಬ್ಬದ ಬೆಲೆ ಮಾತ್ರ ಅದೇ 79.

ಈಗ ನಾನು ಆಲ್-ಇನ್ ಕಡೆ ತಲೆ ಹಾಕೋದಿಲ್ಲ. ತೀರಾ ಆಸೆಯಾದರೆ 1 ಡಾಲರ್ ಹಾಕುತ್ತೇನೆ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಅಷ್ಟಕ್ಕೇ ಪ್ಲೆಡ್ಜ್ ಮ್ಯಾನೇಜರ್ ತೆರೆಯುತ್ತದೆ, ಉಳಿದದ್ದು ಅಪ್‌ಡೇಟ್ ನೋಡಿಕೊಂಡು ಸೇರಿಸಬಹುದು. ಮೊದಲು ಅದನ್ನು ಪುಟದಲ್ಲಿ ಓದಿ ಖಾತ್ರಿ ಮಾಡಿಕೊಳ್ಳಿ. ಹೋದರೂ ಹೋಗಲಿ ಅನ್ನುವಷ್ಟು ದುಡ್ಡು ಮಾತ್ರ ಹಾಕಿ. ನನಗೆ 183 ಅಂಥ ದುಡ್ಡಾಗಿರಲಿಲ್ಲ.

ಈ 380 ಡಬ್ಬದ ಲೆಕ್ಕ ನನ್ನದಲ್ಲ. ಕ್ಯಾಂಪೇನ್ ನಡೆಯುವಾಗಲೇ ಒಬ್ಬರು ಕಾಮೆಂಟ್‌ನಲ್ಲಿ ಕೇಳಿದ್ದರು. "ನಂಬಿಕೆ ಇಲ್ಲದಿದ್ದರೆ ಹೋಗ್ರೀ, ಯಾಕೆ ಗಲಾಟೆ" ಅಂತ ಅವರಿಗೆ ಉತ್ತರ ಕೊಟ್ಟವನು ನಾನೇ. ಅವರು ಕೊನೆಯ ದಿನಕ್ಕೆ ಮುಂಚೆ ಪ್ಲೆಡ್ಜ್ ಕ್ಯಾನ್ಸಲ್ ಮಾಡಿದರು. ನನ್ನ ಕಾಮೆಂಟ್ ಇನ್ನೂ ಅಲ್ಲೇ ಇದೆ.