ಲೆಕ್ಕ ತಾಳೆಯಾಗದಿದ್ದರೆ: ಹುಡುಕಿ ದಿನ ಮುಚ್ಚೋದಾ, ಮುಚ್ಚಿ ನಾಳೆ ಸರಿ ಮಾಡೋದಾ?

ಹೋಟೆಲಿನಲ್ಲಿ ರಾತ್ರಿ ಆ ದಿನದ ಲೆಕ್ಕ ಮುಚ್ಚುವ ನೈಟ್ ಆಡಿಟ್‌ನಲ್ಲಿ ಕಾರ್ಡ್ ಮಷೀನಿನ ಮೊತ್ತಕ್ಕೂ ಸಿಸ್ಟಮ್‌ನ ಮೊತ್ತಕ್ಕೂ 360 ವ್ಯತ್ಯಾಸ ಬಂತು ಅಂದುಕೊಳ್ಳಿ. ಈಗ ಏನು ಮಾಡೋದು?

ಮೊದಲು ಸಮಯದ ಮಾತು. 360 ಅನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಹಾಗಿದ್ದರೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಸ್ಲಿಪ್‌ಗಳನ್ನು ತಿರುವಿದರೆ 2,480 ಇರುವುದನ್ನು 2,840 ಎಂದು ಹಾಕಿದ್ದು ಸಿಕ್ಕೀತು. ಇಂಥದ್ದಕ್ಕೆ ದಿನ ಮುಚ್ಚುವುದನ್ನು ಸ್ವಲ್ಪ ತಡಮಾಡುವುದೇ ಒಳ್ಳೆಯದು. ಆ ಎಂಟ್ರಿ ರದ್ದು ಮಾಡಿ ಸರಿಯಾದ್ದು ಹಾಕಿದರೆ ಮುಗಿಯಿತು.

ಬಿಲ್‌ನ ದೃಷ್ಟಿಯಿಂದ ರೂಮ್ ದರದ ತಪ್ಪು ಇನ್ನೂ ಮುಖ್ಯ. ಸಾಮಾನ್ಯವಾಗಿ ಬಾಡಿಗೆ ಮತ್ತು ತೆರಿಗೆ ದಿನ ಮುಚ್ಚುವಾಗಲೇ ಬಿಲ್‌ಗೆ ಏರುತ್ತವೆ. ಅದಕ್ಕೂ ಮೊದಲು ಗಮನಿಸಿದರೆ ದರ ಬದಲಿಸಿದರೆ ಸಾಕು. ಆಮೇಲಾದರೆ ಬಾಡಿಗೆಯನ್ನೂ ತೆರಿಗೆಯನ್ನೂ ಎರಡನ್ನೂ ವಾಪಸ್ ತೆಗೆಯಬೇಕು. ಬೆಳಗಿನ ಜಾವ ಹೊರಡುವ ಅತಿಥಿಗೆ ಅಷ್ಟು ಗೀಟು ಇರುವ ಬಿಲ್ ವಿವರಿಸೋದು ಯಾರಿಗೆ ಬೇಕು, ಅಲ್ವಾ?

ಆದರೆ ರೆಸ್ಟೋರೆಂಟಿನಲ್ಲಿ ಅತಿಥಿ ಸಹಿ ಮಾಡಿದ ಚೆಕ್, ಅಂದರೆ ಊಟದ ಬಿಲ್, ಒಂದು ಕಾಣೆಯಾಗಿದ್ದು, ಅಲ್ಲಿನವರೆಲ್ಲ ಮನೆಗೆ ಹೋಗಿದ್ದರೆ ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ. ತಡವಾದಷ್ಟು ಮರುದಿನದ ಚೆಕ್‌ಇನ್‌ಗಳು ಹಳೆ ತಾರೀಖಿಗೇ ಸೇರುತ್ತವೆ. ಆಗ ಮುಚ್ಚಿ, ವ್ಯತ್ಯಾಸವನ್ನು ಮೊತ್ತ ಮತ್ತು ಚೆಕ್ ನಂಬರ್ ಸಮೇತ ಲಾಗ್‌ಬುಕ್‌ನಲ್ಲಿ ಬರೆಯಿರಿ. ತಿದ್ದುಪಡಿ ಮರುದಿನದ ಲೆಕ್ಕದಲ್ಲಿ ಕಾಣುತ್ತದೆ. ಮೊತ್ತ ಕೂಡಿಸಲೆಂದು ಲೆಕ್ಕಕ್ಕೆ ಒಂದು ಸುಳ್ಳು ಎಂಟ್ರಿ ತುರುಕುವುದು ಮಾತ್ರ ಎರಡೂ ದಾರಿಗಿಂತ ಕೆಟ್ಟದ್ದು.