ಕರೋಕೆ ಸೆಟ್ ಬಾಡಿಗೆಗೆ ತರಿಸುವವರು ಮೊದಲು ಫೋನಿನ ವೈರ್ ನೋಡಿ

ಮನೆ ಕಾರ್ಯಕ್ರಮಕ್ಕೆ ಕರೋಕೆ ಸೆಟ್ ಹೇಳುವಾಗ ಸ್ಪೀಕರ್ ಎಷ್ಟು ವ್ಯಾಟ್, ಮೈಕ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಫೋನಿನ ಹಾಡು, ಮೈಕಿನ ದನಿ ಎರಡನ್ನೂ ಸೇರಿಸಿ ಸ್ಪೀಕರ್‌ಗೆ ಕಳಿಸುವ ಪೆಟ್ಟಿಗೆ ಮಿಕ್ಸರ್. ಫೋನಿನಿಂದ ಅದಕ್ಕೆ ಹೋಗುವ ವೈರ್ ಯಾವುದು ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಸಂಜೆ ಕೆಟ್ಟಿದ್ದು ಅದರಿಂದಲೇ. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಅತ್ತೆ-ಮಾವನ ಮದುವೆಯಾಗಿ ಐವತ್ತು ವರ್ಷ. ಸೋಮವಾರಪೇಟೆ ಹತ್ತಿರ ಮನೆ, ಮಳೆಗಂತ ಶೀಟ್ ಹೊದಿಸಿದ ಅಂಗಳ, ನೆಂಟರು ಅಷ್ಟೇ. ಅತ್ತೆ ಹಾಡಬೇಕು ಅಂತ ಫೋನಿನಲ್ಲಿ ಟ್ರ್ಯಾಕ್ ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಚೆನ್ನಾಗಿ ಅಭ್ಯಾಸ ಮಾಡಿದ್ದರು. ಸಂಜೆ ಅದೇ ಟ್ರ್ಯಾಕ್ ಸ್ಪೀಕರ್‌ನಲ್ಲಿ ಶುರುವಾದರೆ ತಬಲಾ ಇಲ್ಲ, ಬೇಸ್ ಇಲ್ಲ. ಎಲ್ಲೋ ದೂರದಲ್ಲಿ ವಯಲಿನ್ ತುಣುಕು, ಅದರ ಹಿಂದೆ ಗುಂಯ್ ಅನ್ನುವ ಸದ್ದು. "ತಾಳವೇ ಕೇಳಿಸ್ತಿಲ್ಲಮ್ಮ" ಅಂತ ಅತ್ತೆ ಪಲ್ಲವಿ ಮುಗಿಯುವ ಮೊದಲೇ ಮೈಕ್ ನನ್ನ ಕೈಗೆ ಕೊಟ್ಟರು. ಸೌಂಡ್‌ನವರು "ಟ್ರ್ಯಾಕೇ ಸರಿ ಇಲ್ಲ ಮೇಡಂ" ಅಂದುಬಿಟ್ಟರು.

ಟ್ರ್ಯಾಕ್ ಸರಿಯಾಗಿಯೇ ಇತ್ತು. ತಂಗಿಯ ಮಗ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಅವನು ಬಂದು ಮಿಕ್ಸರ್‌ಗೆ ಸಿಕ್ಕಿಸಿದ್ದ ದಪ್ಪ ಪಿನ್ನನ್ನು ಸ್ವಲ್ಪ ಹೊರಗೆಳೆದ. ಟಕ್ ಅಂತ ತಬಲಾ, ಬೇಸ್ ಎರಡೂ ಬಂದವು. ಕೈ ಬಿಟ್ಟರೆ ಕರಕರ.

ಕಾರಣ ಇಷ್ಟು. ಫೋನಿನಿಂದ ಬರುವುದು ಸ್ಟೀರಿಯೊ, ಅಂದರೆ ಎಡದ ಸದ್ದು ಬೇರೆ, ಬಲದ ಸದ್ದು ಬೇರೆ. ಪಿನ್ನಿನ ತುದಿಯಲ್ಲಿ ಎಡ, ಅದರ ಹಿಂದಿನ ಉಂಗುರದಲ್ಲಿ ಬಲ. ಮಿಕ್ಸರ್‌ನ ಮೈಕ್ ಚಾನೆಲ್ ಮಾತ್ರ ಹಾಗೆ ಓದುವುದಿಲ್ಲ. ಉದ್ದ ವೈರ್‌ನಲ್ಲಿ ಸೇರಿಕೊಳ್ಳುವ ಗಲಾಟೆ ತೆಗೆಯಲು ಅದು ತುದಿಯ ಸದ್ದಿನಿಂದ ಉಂಗುರದ ಸದ್ದನ್ನು ಕಳೆಯುತ್ತದೆ. ಮೈಕ್‌ಗೆ ಅದು ಒಳ್ಳೆಯದೇ. ಆದರೆ ಸ್ಟೀರಿಯೊ ಹಾಡು ಕೊಟ್ಟರೆ ಎರಡೂ ಕಡೆ ಒಂದೇ ಥರ ಇರುವುದೆಲ್ಲ ಕಳೆದು ಸೊನ್ನೆ ಆಗುತ್ತದೆ. ತಾಳ, ಬೇಸ್, ಹಾಡುವವರಿಗೆ ದಾರಿ ತೋರಿಸುವ ಕೊಳಲಿನ ರಾಗ ಸಾಮಾನ್ಯವಾಗಿ ಎರಡೂ ಕಡೆ ಸಮ ಇರುತ್ತವೆ. ಹಾಡುವವರಿಗೆ ಯಾವುದು ಬೇಕೋ ಅದೇ ಮಾಯ! ಉಳಿಯುವುದು ಒಂದೊಂದು ಬದಿಗೆ ಸರಿಸಿದ ವಾದ್ಯಗಳು ಮಾತ್ರ.

ಈ ತಪ್ಪು ವಾಲ್ಯೂಮ್ ಜಾಸ್ತಿ ಮಾಡಿದರೆ ಹೋಗುವುದಿಲ್ಲ. ಆದರೆ ಸೌಂಡ್‌ನವರು ಅದನ್ನೇ ಮಾಡಿದರು. ಜೊತೆಗೆ ಸದ್ದು ತುಂಬಿಕೊಳ್ಳಲಿ ಅಂತ ಎಕೋ ತಿರುಗಿಸಿದರು, ಮೈಕ್ ಚಾನೆಲ್‌ಗೆ ಮಾತ್ರವಲ್ಲ, ಹಾಡಿನ ಚಾನೆಲ್‌ಗೂ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಅರ್ಧ ಸೆಕೆಂಡಿಗೊಂದು ಪೆಟ್ಟು. ಎಕೋ 300 ಮಿಲಿಸೆಕೆಂಡಿಗೆ ಮರಳಿದರೆ ಎರಡು ಪೆಟ್ಟಿನ ನಡುವೆ ಇನ್ನೊಂದು ಪೆಟ್ಟು ಬಿದ್ದಂತೆ. ಶೀಟ್ ಮಾಡಿನಿಂದ ಅಪ್ಪಳಿಸಿ ಬರುವ ಸದ್ದು ಬೇರೆ. ಆಮೇಲೆ ಮಾವ ಎರಡು ಮಾತಾಡಲು ನಿಂತಾಗಲೂ ಎಕೋ ಇಳಿಸಲಿಲ್ಲ. ಹಿಂದೆ ಕೂತಿದ್ದ ಹಿರಿಯರಿಗೆ ಒಂದು ಪದವೂ ತಿಳಿಯಲಿಲ್ಲ. ನನಗೆ ಈಗಲೂ ಬೇಜಾರಾಗುವುದು ಇದಕ್ಕೇ.

ಬೇಕಾಗಿದ್ದು ಸಣ್ಣ ಸಾಮಾನು. ಒಂದು ಕಡೆ ಫೋನಿನ 3.5 ಎಂಎಂ ಪಿನ್, ಇನ್ನೊಂದು ಕಡೆ ಕವಲೊಡೆದ ಎರಡು ದಪ್ಪ ಮೋನೊ ಪಿನ್. ಮೋನೊ ಪಿನ್ನಿಗೆ ಒಂದೇ ಕಪ್ಪು ಗೆರೆ, ಸ್ಟೀರಿಯೊಗೆ ಎರಡು. ಅವೆರಡನ್ನೂ ಮಿಕ್ಸರ್‌ನ ಸ್ಟೀರಿಯೊ ಚಾನೆಲ್‌ನ L ಮತ್ತು R ತೂತಿಗೆ ಹಾಕಬೇಕು. ಸ್ಟೀರಿಯೊ ಚಾನೆಲ್ ಇಲ್ಲದಿದ್ದರೆ ಎರಡು ಬೇರೆ ಚಾನೆಲ್‌ನ ಲೈನ್ ತೂತಿಗೆ ಹಾಕಿ, ಒಂದರ PAN ಪೂರ್ತಿ ಎಡಕ್ಕೆ, ಇನ್ನೊಂದರದ್ದು ಪೂರ್ತಿ ಬಲಕ್ಕೆ ತಿರುಗಿಸಿದರೂ ಸಾಕು. ಆ ಚಾನೆಲ್‌ಗಳಲ್ಲಿ ಎಕೋ ಸೇರಿಸುವ FX ಗುಂಡಿ ಸೊನ್ನೆಯಲ್ಲಿರಲಿ. ಎಕೋ ಮೈಕ್‌ಗೆ ಮಾತ್ರ. ಅದನ್ನೂ ಹೀಗೆ ನೋಡಿ: ಮೈಕ್‌ನಲ್ಲಿ ಒಂದು, ಎರಡು, ಮೂರು ಅಂತ ನಿಧಾನಕ್ಕೆ ಎಣಿಸಿ. ಮೂರು ಹೇಳುವಾಗ ಒಂದು ಇನ್ನೂ ಕೇಳಿಸುತ್ತಿದ್ದರೆ ಜಾಸ್ತಿಯಾಯಿತು. ಯಾರಾದರೂ ಮಾತಾಡುವಾಗ ಪೂರ್ತಿ ತೆಗೆಯಲು ಹೇಳಿ.

ಸೆಟ್ ಬಂದ ಕೂಡಲೇ, ನೆಂಟರು ಬರುವ ಮೊದಲು, ನಿಮಗೆ ಚೆನ್ನಾಗಿ ಗೊತ್ತಿರುವ ಟ್ರ್ಯಾಕ್ ಒಂದನ್ನು ಇಯರ್‌ಫೋನ್‌ನಲ್ಲಿ ಕೇಳಿ, ಆಮೇಲೆ ಸ್ಪೀಕರ್‌ನಲ್ಲಿ ಕೇಳಿ. ತಾಳ ಎರಡರಲ್ಲೂ ಒಂದೇ ಗಟ್ಟಿಯಾಗಿರಬೇಕು. ಚಾರ್ಜರ್ ಹಾಕಿದಾಗ ಗುಂಯ್ ಅಂದರೆ ಚಾರ್ಜರ್ ತೆಗೆಯಿರಿ. ಟ್ರ್ಯಾಕ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ತೋಟದ ನಡುವಿನ ನೆಟ್‌ವರ್ಕ್ ನಂಬಿ ಕೂರಬೇಡಿ. ಆಗ ಫೋನನ್ನು ಏರ್‌ಪ್ಲೇನ್ ಮೋಡ್‌ಗೂ ಹಾಕಬಹುದು, ಹಾಡಿನ ನಡುವೆ ಕಾಲ್ ಬರುವುದಿಲ್ಲ. ಫೋನಿಗೆ ಇಯರ್‌ಫೋನ್ ತೂತು ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ನೀವೇ ಇಟ್ಟುಕೊಳ್ಳಿ.

ಅಡ್ವಾನ್ಸ್ ಕೊಡುವ ಮೊದಲು ಆ ಕವಲು ವೈರ್‌ನ ಫೋಟೋ ಕಳಿಸಲು ಹೇಳಿ. "ಯಾವ ವೈರ್ ಆದ್ರೂ ನಡೆಯುತ್ತೆ" ಅಂದರೆ ಬೇರೆಯವರನ್ನು ನೋಡಿಕೊಳ್ಳಿ.