ಒಂದೇ 11 ಕೆವಿ, ಮೂರು ಬಗೆಯ ಸುತ್ತು: ಲೇಯರ್, ಹೆಲಿಕಲ್, ಡಿಸ್ಕ್

ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ವೈಂಡಿಂಗ್ ವಿಭಾಗಕ್ಕೆ ಹೊಸದಾಗಿ ಬರುವ ಎಂಜಿನಿಯರುಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಎಷ್ಟು ವೋಲ್ಟಿನವರೆಗೆ ಲೇಯರ್, ಎಲ್ಲಿಂದಾಚೆಗೆ ಡಿಸ್ಕ್ ಎಂಬುದು. ವೋಲ್ಟೇಜ್ ಒಂದನ್ನೇ ಹಿಡಿದು ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ನಾನು ಕೆಲಸ ಮಾಡಿದ ಕಡೆ ಒಂದೇ ಚಾವಣಿಯಡಿ 250 ಕೆವಿಎ ವಿತರಣಾ ಟ್ರಾನ್ಸ್‌ಫಾರ್ಮರಿನ 11 ಕೆವಿ ಕಾಯಿಲ್ ಸುತ್ತುತ್ತಿದ್ದರು. ನಾಲ್ಕು ಮಾರು ಆಚೆ 12.5 ಎಂವಿಎ, 66/11 ಕೆವಿ ಟ್ರಾನ್ಸ್‌ಫಾರ್ಮರಿನ 11 ಕೆವಿ ಕಾಯಿಲೂ ಸಿದ್ಧವಾಗುತ್ತಿತ್ತು. ವೋಲ್ಟೇಜ್ ಎರಡರಲ್ಲೂ ಒಂದೇ ಆಗಿದ್ದರೂ ಕಾಯಿಲ್‌ಗಳಿಗೆ ದೂರದ ಹೋಲಿಕೆಯೂ ಇರಲಿಲ್ಲ.

ಮೊದಲು 250 ಕೆವಿಎ ನೋಡೋಣ. ಅದರ ಎಚ್‌ವಿ ಡೆಲ್ಟಾ ಜೋಡಣೆಯದು. ಫೇಸಿನ ಕರೆಂಟ್ ಕೇವಲ 7.6 ಆಂಪಿಯರ್. ಎಲ್‌ವಿ ಕಡೆ ಫೇಸಿಗೆ 250 ವೋಲ್ಟ್ ಬರಲು 36 ಸುತ್ತು ಹಾಕಿದರೆ ಸುತ್ತಿಗೆ ಸುಮಾರು 6.9 ವೋಲ್ಟ್ ಬೀಳುತ್ತದೆ, ಎಚ್‌ವಿಗೆ 1584 ಸುತ್ತು ಬೇಕಾಗುತ್ತದೆ. ಇಷ್ಟು ಸಣ್ಣ ಕರೆಂಟಿಗೆ 2 ಮಿ.ಮೀ. ವ್ಯಾಸದ ದುಂಡು ತಂತಿ ಸಾಕು. ಸಾವಿರಾರು ಸುತ್ತಿನ ಸಣ್ಣ ತಂತಿ ಎಂದ ಮೇಲೆ, ದಾರದ ಉಂಡೆ ಸುತ್ತಿದಂತೆ ಪದರದ ಮೇಲೆ ಪದರ ಹಾಕುವ ಲೇಯರ್ ವಿಧಾನವೇ ಸಹಜ. ಡಿಸ್ಕ್ ಎಂದರೆ ಪಟ್ಟಿಯನ್ನು ಚಪ್ಪಟೆ ಬಿಲ್ಲೆಗಳಾಗಿ ಸುತ್ತಿ, ನಡುವೆ ಸ್ಪೇಸರ್ ಇಟ್ಟು ಒಂದರ ಮೇಲೊಂದು ಕೂರಿಸುವ ವಿಧಾನ. ಈ ಕಾಯಿಲನ್ನು ಹಾಗೆ ಮಾಡಲು ಒಮ್ಮೆ ದುಂಡು ತಂತಿಯ ಬದಲು ತೆಳ್ಳನೆಯ ಪಟ್ಟಿಯನ್ನು ತರಿಸಿ ನೋಡಿದೆವು. ಸ್ಪೇಸರುಗಳ ನಡುವಿನ ತೆರಪಿನಲ್ಲಿ ಡಿಸ್ಕ್ ತನ್ನ ಭಾರ ತಾನೇ ಹೊರಲಾರದೆ ಬಳುಕಿತು. ಆ ಪ್ರಯತ್ನವನ್ನು ಅಲ್ಲಿಗೇ ಬಿಟ್ಟೆವು.

ಲೇಯರ್ ವಿಧಾನದ ಕಷ್ಟ ಪದರಗಳ ನಡುವೆ ಇದೆ. ಒಂದು ಪದರ ಮೇಲಿನಿಂದ ಕೆಳಗೆ ಬಂದು, ಮುಂದಿನದು ಕೆಳಗಿನಿಂದ ಮೇಲೆ ಹೋಗುವುದರಿಂದ, ಎರಡೂ ಕೂಡುವ ತುದಿಯಲ್ಲಿ ವೋಲ್ಟೇಜ್ ವ್ಯತ್ಯಾಸ ಇರುವುದಿಲ್ಲ. ಎದುರಿನ ತುದಿಯಲ್ಲಿ ಮಾತ್ರ ಎರಡು ಪದರಗಳ ಒಟ್ಟು ವೋಲ್ಟೇಜ್ ನಿಂತಿರುತ್ತದೆ. ಈ ಕಾಯಿಲನ್ನು ಕೋರಿನ ಕಂಬದ ಪೂರ್ತಿ ಎತ್ತರಕ್ಕೆ ಒಂದೇ ಆಗಿ ಸುತ್ತಿದರೆ ಪದರಕ್ಕೆ 175 ಸುತ್ತು ಹಿಡಿಯುತ್ತದೆ, ಆಗ ಆ ತುದಿಯಲ್ಲಿ ಸುಮಾರು 2430 ವೋಲ್ಟ್. ಅದನ್ನೇ ಒಂದರ ಮೇಲೊಂದು ಕೂರುವ ನಾಲ್ಕು ಗಿಡ್ಡ ಕಾಯಿಲ್‌ಗಳಾಗಿ ಒಡೆದು, ಪ್ರತಿಯೊಂದರಲ್ಲೂ ಪದರಕ್ಕೆ 42 ಸುತ್ತಿನಂತೆ 396 ಸುತ್ತು ಹಾಕಿದರೆ ಅದು 583 ವೋಲ್ಟಿಗೆ ಇಳಿಯುತ್ತದೆ, ಪದರಗಳ ನಡುವಿನ ಕ್ರಾಫ್ಟ್ ಪೇಪರನ್ನೂ ತೆಳುವಾಗಿಸಬಹುದು. ನಮ್ಮ ವಿತರಣಾ ಟ್ರಾನ್ಸ್‌ಫಾರ್ಮರುಗಳನ್ನು ಬಿಚ್ಚಿದಾಗ ಕಂಬಕ್ಕೆ ನಾಲ್ಕು ಕಾಯಿಲ್ ಕಾಣಿಸುವುದು ಇದೇ ಕಾರಣಕ್ಕೆ. ಸುಟ್ಟು ವಾಪಸು ಬಂದ ಕಾಯಿಲ್‌ಗಳಲ್ಲಿಯೂ ರಂಧ್ರ ಹೆಚ್ಚಾಗಿ ಪದರದ ಅಂಚಿನಲ್ಲೇ ಇರುತ್ತದೆ: ಪೇಪರು ಅಂಚಿನಾಚೆಗೆ ಸಾಕಷ್ಟು ಚಾಚಿಲ್ಲದ ಕಡೆ, ಅಥವಾ ಕೊನೆಯ ಸುತ್ತು ಜಾರಿ ಕೆಳಗಿನ ಪದರದ ಮೇಲೆ ಬಿದ್ದ ಕಡೆ.

ಇದರ ಎಲ್‌ವಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 333 ಆಂಪಿಯರ್, 36 ಸುತ್ತು. ನಾಲ್ಕು ಪಟ್ಟಿ ಜೊತೆಗಿಟ್ಟು ಹದಿನೆಂಟರಂತೆ ಎರಡು ಪದರ ಸುತ್ತಿದರೆ ಮುಗಿಯಿತು.

ನಿಜವಾದ ಪೈಪೋಟಿ ಇದ್ದದ್ದು 12.5 ಎಂವಿಎ ಟ್ರಾನ್ಸ್‌ಫಾರ್ಮರಿನ 11 ಕೆವಿ ಕಾಯಿಲ್‌ನಲ್ಲಿ. ಸ್ಟಾರ್ ಜೋಡಣೆಯಾದ್ದರಿಂದ ಫೇಸಿಗೆ 6351 ವೋಲ್ಟ್, ಕರೆಂಟ್ 656 ಆಂಪಿಯರ್. ಸುತ್ತಿಗೆ ಸುಮಾರು 53 ವೋಲ್ಟ್ ಇಟ್ಟುಕೊಂಡರೆ 120 ಸುತ್ತು. ಚದರ ಮಿ.ಮೀ.ಗೆ ಎರಡೂವರೆ ಆಂಪಿಯರಿನ ಲೆಕ್ಕದಲ್ಲಿ 262 ಚದರ ಮಿ.ಮೀ. ತಾಮ್ರ ಬೇಕು. ಅಷ್ಟು ತಾಮ್ರವನ್ನು ಒಂದೇ ಗಟ್ಟಿ ಪಟ್ಟಿಯಾಗಿ ಹಾಕಿದರೆ ಲೀಕೇಜ್ ಫ್ಲಕ್ಸ್ ಅದರೊಳಗೇ ಸುಳಿ ಕರೆಂಟ್ ಎಬ್ಬಿಸಿ ಕಾಯಿಸುತ್ತದೆ. ಆದ್ದರಿಂದ 11 ಮಿ.ಮೀ. ಎತ್ತರ, 3 ಮಿ.ಮೀ. ದಪ್ಪದ ಎಂಟು ಪಟ್ಟಿಗಳು. ಕಾಯಿಲ್‌ಗೆ ಸಿಗುವ ಎತ್ತರ 950 ಮಿ.ಮೀ.

ಹೆಲಿಕಲ್ ವಿಧಾನದಲ್ಲಿ ಎಂಟೂ ಪಟ್ಟಿ ಒಂದರ ಹಿಂದೊಂದು ನಿಂತು, ಸ್ಪ್ರಿಂಗಿನಂತೆ ಸುರುಳಿಯಾಗಿ ಮೇಲೇರುತ್ತವೆ. ಪ್ರತಿ ಸುತ್ತಿಗೂ ತನ್ನದೇ ಮೆಟ್ಟಿಲು. ಈ ಕಾಯಿಲ್‌ನ ಮಿತಿ ವೋಲ್ಟೇಜ್ ಅಲ್ಲ, ಎತ್ತರ: 120 ಸುತ್ತಿನ ಜೊತೆಗೆ ಸುರುಳಿಯ ಓರೆಗಾಗಿ ಇನ್ನೊಂದು ಸೇರಿಸಿ 121 ಮೆಟ್ಟಿಲನ್ನು 950 ಮಿ.ಮೀ.ಗೆ ಹಂಚಿದರೆ ಮೆಟ್ಟಿಲಿಗೆ 8 ಮಿ.ಮೀ. ಕೂಡ ಸಿಗುವುದಿಲ್ಲ. ಎಣ್ಣೆಯ ದಾರಿ ಬಿಟ್ಟರೆ ಪಟ್ಟಿಗೆ ಉಳಿಯುವುದು 5 ಮಿ.ಮೀ. ಅಷ್ಟು ಗಿಡ್ಡ ಪಟ್ಟಿಯಲ್ಲಿ ಬೇಕಾದ ತಾಮ್ರ ತುಂಬಿಸಲು ಎಂಟರ ಬದಲು ಹದಿನೆಂಟು ಪಟ್ಟಿ ಜೊತೆಗಿಡಬೇಕಾಗುತ್ತಿತ್ತು. ಹಾಗಾಗಿ ಒಂಟಿ ಸುರುಳಿ ಕಾಗದದ ಮೇಲೇ ಸೋತಿತು.

ಉಳಿದದ್ದು ಎರಡು. ಒಂದು, ಒಳಗೆ 60 ಸುತ್ತು ಕೆಳಗಿಳಿದು ಹೊರಗೆ 60 ಸುತ್ತು ಮೇಲೇರುವ ಎರಡು ಪದರದ ಹೆಲಿಕಲ್. ಇನ್ನೊಂದು, ಡಿಸ್ಕಿಗೆ ಎರಡು ಸುತ್ತಿನಂತೆ 60 ಡಿಸ್ಕ್. ಎರಡರಲ್ಲೂ ಮೆಟ್ಟಿಲು ಹದಿನೈದೂವರೆ ಮಿ.ಮೀ., ತಾಮ್ರವೂ ಅಷ್ಟೇ. ಬೇರೆ ಬೇರೆ ಆರ್ಡರುಗಳಲ್ಲಿ ಎರಡನ್ನೂ ಸುತ್ತಿಸಿದ್ದೇನೆ.

ಡಿಸ್ಕ್ ಕಾಗದದ ಮೇಲೆ ಅಚ್ಚುಕಟ್ಟಾಗಿ ಕಂಡಿತು. ಎರಡು ಪದರಗಳ ನಡುವಿನ ತೆರಪು ಬೇಕಿಲ್ಲದ್ದರಿಂದ ಕಾಯಿಲ್ ತೆಳ್ಳಗಾಗುತ್ತದೆ, ಅದರ ಹೊರಗೆ ಕೂರುವ ಎಚ್‌ವಿ ಕಾಯಿಲ್‌ನ ಸುತ್ತಳತೆಯೂ ಕಡಿಮೆಯಾಗುತ್ತದೆ. ಒಂದು ಡಿಸ್ಕಿನಿಂದ ಮುಂದಿನದಕ್ಕೆ ದಾಟುವಾಗ ಪಟ್ಟಿಗಳ ಕ್ರಮವೂ ತಿರುವುಮುರುವಾಗುವುದರಿಂದ ಬೇರೆ ಟ್ರಾನ್ಸ್‌ಪೊಸಿಷನ್ ಬೇಕಾಗುವುದಿಲ್ಲ. ಆದರೆ ಬೆಸುಗೆಯಿಲ್ಲದ ಡಿಸ್ಕ್ ಸುತ್ತಲು ಒಂದು ಬಿಟ್ಟು ಒಂದು ಡಿಸ್ಕನ್ನು ಮೊದಲು ಸಡಿಲವಾಗಿ ಸುತ್ತಿ, ಆಮೇಲೆ ಸುತ್ತುಗಳನ್ನು ಕೈಯಿಂದ ಮಗುಚಿ ಒಳಗಿದ್ದದ್ದನ್ನು ಹೊರಗೆ ತಂದು ಬಿಗಿಯಬೇಕು. ಒಂದು ಅಥವಾ ಎರಡು ಪಟ್ಟಿಯಿದ್ದರೆ ಅನುಭವಿ ವೈಂಡರಿಗೆ ಇದು ಆಟ. ಎಂಟು ಪಟ್ಟಿಯಿದ್ದಾಗ ಇಬ್ಬರು ಹಿಡಿದು ಮೂರನೆಯವರು ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕಾಯಿತು. ದಾಟುವ ಪ್ರತಿ ಪಟ್ಟಿಗೂ ಸ್ಪೇಸರುಗಳ ನಡುವೆ ತನ್ನದೇ ಆದ ಜಾಗ ಬೇಕು. ಸುತ್ತಲೂ ಹದಿನಾರು ಸಾಲು ಸ್ಪೇಸರಿದ್ದ ಆ ಕಾಯಿಲ್‌ನಲ್ಲಿ ಅರ್ಧ ಸುತ್ತಳತೆ ದಾಟುವುದಕ್ಕೇ ಹೋಯಿತು. ಡಿಸ್ಕಿಗೆ ಇರುವುದೇ ಎರಡು ಸುತ್ತು! ಮೂರ್ನಾಲ್ಕು ಪಟ್ಟಿಗಿಂತ ಹೆಚ್ಚಾದರೆ ಡಿಸ್ಕ್ ಬೇಡ ಎಂಬ ನನ್ನ ಅಭಿಪ್ರಾಯ ಅಂದು ಗಟ್ಟಿಯಾಯಿತು.

ಎರಡು ಪದರದ ಹೆಲಿಕಲ್ ಸುತ್ತುವಾಗ ಕೈ ಸರಾಗವಾಗಿ ಓಡುತ್ತದೆ, ಆದರೆ ಎರಡು ಕಡೆ ಎಚ್ಚರ ಬೇಕು. ಒಂದು, ಇದು ವೇಷ ಮರೆಸಿದ ಲೇಯರ್ ಕಾಯಿಲೇ ಆದ್ದರಿಂದ ಮೇಲ್ತುದಿಯಲ್ಲಿ ಒಳಪದರಕ್ಕೂ ಹೊರಪದರಕ್ಕೂ ಫೇಸಿನ ಪೂರ್ತಿ 6351 ವೋಲ್ಟ್ ಇರುತ್ತದೆ, ಇಂಡ್ಯೂಸ್ಡ್ ವೋಲ್ಟೇಜ್ ಪರೀಕ್ಷೆಯಲ್ಲಿ ಅದರ ಇಮ್ಮಡಿ. ನಡುವೆ ಪ್ರೆಸ್‌ಬೋರ್ಡ್ ಸಿಲಿಂಡರ್ ಮತ್ತು ಎಣ್ಣೆಯ ದಾರಿ ಎರಡನ್ನೂ ಕೊಡಲೇಬೇಕು. ಎರಡನೆಯದು ಟ್ರಾನ್ಸ್‌ಪೊಸಿಷನ್. ಎಂಟು ಪಟ್ಟಿಗಳೂ ಬೇರೆ ಬೇರೆ ಆಳದಲ್ಲಿ ನಿಂತಿರುವುದರಿಂದ ಅವು ಕಾಣುವ ಲೀಕೇಜ್ ಫ್ಲಕ್ಸ್ ಒಂದೇ ಅಲ್ಲ. ಜಾಗ ಬದಲಿಸದೆ ಬಿಟ್ಟರೆ ಎರಡೂ ತುದಿಯಲ್ಲಿ ಕೂಡಿಸಿದ ಪಟ್ಟಿಗಳ ನಡುವೆಯೇ ಕರೆಂಟ್ ಸುತ್ತು ಹೊಡೆಯುತ್ತದೆ. ಅದಕ್ಕಾಗಿ ಪದರದ ಹದಿನೈದನೆಯ ಸುತ್ತಿನಲ್ಲಿ ಒಳಗಿನ ನಾಲ್ಕು ಮತ್ತು ಹೊರಗಿನ ನಾಲ್ಕನ್ನು ಗುಂಪಾಗಿ ಅದಲುಬದಲು ಮಾಡುತ್ತೇವೆ, ಮೂವತ್ತರಲ್ಲಿ ಎಂಟನ್ನೂ ಒಂದೊಂದಾಗಿ ತಿರುವುತ್ತೇವೆ, ನಲವತ್ತೈದರಲ್ಲಿ ಮತ್ತೆ ಗುಂಪು ಬದಲಾವಣೆ. ಒಂದನೆಯ ಪಟ್ಟಿ ಹೀಗೆ 1, 5, 4, 8ನೆಯ ಸ್ಥಾನಗಳಲ್ಲಿ ಕುಳಿತು ಬರುತ್ತದೆ; ಕೂಡಿದರೆ 18. ಯಾವ ಪಟ್ಟಿಯನ್ನು ಕೂಡಿದರೂ 18. ಫ್ಲಕ್ಸಿನ ಲೆಕ್ಕ ಸ್ಥಾನದ ವರ್ಗಕ್ಕೂ ಸಂಬಂಧಿಸಿರುವುದರಿಂದ ಚೂರು ವ್ಯತ್ಯಾಸ ಉಳಿಯುತ್ತದೆ, ಆದರೆ ಅದು ತಾಳಿಕೊಳ್ಳುವಷ್ಟು.

ಒಮ್ಮೆ ರಾತ್ರಿ ಪಾಳಿಯಲ್ಲಿ ಮೂವತ್ತನೆಯ ಸುತ್ತಿನಲ್ಲಿಯೂ ಗುಂಪನ್ನೇ ಅದಲುಬದಲು ಮಾಡಿ ಮುಂದೆ ಸುತ್ತಿಬಿಟ್ಟರು. ಹೊರನೋಟಕ್ಕೆ ಏನೂ ತಿಳಿಯಲಿಲ್ಲ, ಟರ್ನ್ಸ್ ರೇಷಿಯೋ ಸರಿಯಿತ್ತು, ರೆಸಿಸ್ಟೆನ್ಸೂ ಸರಿಯಿತ್ತು. ಲೋಡ್ ಲಾಸ್ ಪರೀಕ್ಷೆಗೆ ಇಟ್ಟಾಗ ಒಂದು ಫೇಸಿನ ವಾಟ್‌ಗಳು ಮಾತ್ರ ಲೆಕ್ಕಕ್ಕಿಂತ ಮೇಲೆ ನಿಂತವು. ಸ್ಥಾನಗಳ ಮೊತ್ತ ಆಗ ಒಂದು ಪಟ್ಟಿಗೆ 12, ಇನ್ನೊಂದಕ್ಕೆ 24 ಆಗಿತ್ತು ಎಂಬುದು ಕಾಯಿಲ್ ಬಿಚ್ಚಿದ ಮೇಲೆ ತಿಳಿಯಿತು. ಅಂದಿನಿಂದ ಪಟ್ಟಿಗಳ ಆರಂಭದ ತುದಿಗೆ 1ರಿಂದ 8ರವರೆಗೆ ಚೀಟಿ ಕಟ್ಟಿ, ಪದರ ಮುಗಿದಾಗ ಟೆಸ್ಟ್ ಲ್ಯಾಂಪ್ ಹಿಡಿದು ಕ್ರಮ ನೋಡುವ ರೂಢಿ ಮಾಡಿದೆವು: 8, 7, 6, 5, 4, 3, 2, 1 ಎಂದು ಬಂದರೆ ಸರಿ, 5, 6, 7, 8, 1, 2, 3, 4 ಎಂದು ಬಂದರೆ ನಡುವಿನ ತಿರುವು ತಪ್ಪಿದೆ. ಅದೇ ಹೊತ್ತಿನಲ್ಲಿ ತುದಿಗಳನ್ನು ಕೂಡಿಸುವ ಮೊದಲು ಪಟ್ಟಿ ಪಟ್ಟಿಗೂ 500 ವೋಲ್ಟಿನ ಮೆಗ್ಗರ್ ಹಿಡಿಯುವುದು ಒಳ್ಳೆಯದು, ಏಕೆಂದರೆ ತಿರುವಿನಲ್ಲಿ ಬಗ್ಗಿಸಿದ ಪಟ್ಟಿಯ ಅಂಚು ಪಕ್ಕದ ಪಟ್ಟಿಯ ಪೇಪರನ್ನು ಕೊಯ್ಯುವುದುಂಟು. ಇಷ್ಟು ತೊಂದರೆಯಿದ್ದರೂ ಈ ಕಾಯಿಲ್‌ಗೆ ನನ್ನ ಮತ ಎರಡು ಪದರದ ಹೆಲಿಕಲ್‌ಗೇ.

ಅದೇ ಟ್ರಾನ್ಸ್‌ಫಾರ್ಮರಿನ 66 ಕೆವಿ ಕಾಯಿಲ್‌ಗೆ ಬಂದರೆ ತಕ್ಕಡಿ ಪೂರ್ತಿ ತಿರುಗುತ್ತದೆ. ಸುತ್ತು 720, ಕರೆಂಟ್ 109 ಆಂಪಿಯರ್, 11 ಮಿ.ಮೀ. ಎತ್ತರ 4 ಮಿ.ಮೀ. ದಪ್ಪದ ಒಂದೇ ಪಟ್ಟಿ ಸಾಕು. 720 ಮೆಟ್ಟಿಲಿನ ಸುರುಳಿ ಈ ಎತ್ತರದಲ್ಲಿ ಹಿಡಿಸದು. ಲೇಯರ್ ಆದರೆ ಪದರಕ್ಕೆ 80ರಂತೆ 9 ಪದರ, ಪದರಗಳ ತೆರೆದ ತುದಿಯಲ್ಲಿ ಸುಮಾರು 8470 ವೋಲ್ಟ್. ಡಿಸ್ಕ್ ಆದರೆ ಡಿಸ್ಕಿಗೆ 12ರಂತೆ 60 ಡಿಸ್ಕ್, ನೆರೆಹೊರೆಯ ಡಿಸ್ಕುಗಳ ನಡುವೆ ಹೆಚ್ಚೆಂದರೆ 1270 ವೋಲ್ಟ್, ಅದೂ 4 ಮಿ.ಮೀ. ಎಣ್ಣೆಯ ದಾರಿಯ ಆಚೀಚೆ. ಆ ದಾರಿಯಲ್ಲಿ ಹರಿಯುವ ಎಣ್ಣೆ ಪ್ರತಿ ಡಿಸ್ಕಿನ ಮೇಲೂ ಕೆಳಗೂ ತಾಮ್ರವನ್ನು ತಣಿಸುತ್ತದೆ. ಶಾರ್ಟ್ ಸರ್ಕ್ಯೂಟಿನ ಒತ್ತಡ ಬಂದಾಗ ಸ್ಪೇಸರುಗಳ ಸಾಲು ಕಂಬದಂತೆ ನಿಂತು ಅದನ್ನು ಹೊರುತ್ತದೆ.

ಡಿಸ್ಕಿನ ಸೋಲು ಕಾಣುವುದು ಸಿಡಿಲಿನ ಮುಂದೆ. ಸಿಡಿಲಿನ ಅಲೆ ಬಂದ ಮೊದಲ ಕ್ಷಣದಲ್ಲಿ ವೋಲ್ಟೇಜ್ ಹಂಚಿಕೆಯಾಗುವುದು ಸುತ್ತಿನ ಲೆಕ್ಕದಲ್ಲಲ್ಲ, ಕೆಪಾಸಿಟೆನ್ಸ್ ಲೆಕ್ಕದಲ್ಲಿ. ಸಾದಾ ಡಿಸ್ಕ್ ಕಾಯಿಲ್‌ನಲ್ಲಿ ಡಿಸ್ಕ್‌ನಿಂದ ಡಿಸ್ಕ್‌ಗೆ ಸಾಗುವ ಕೆಪಾಸಿಟೆನ್ಸ್ ಕಡಿಮೆ, ನೆಲಕ್ಕೆ ಇರುವುದು ಹೆಚ್ಚು. ಹಾಗಾಗಿ ಅಲೆಯ ಬಹುಪಾಲು ಲೈನಿನ ಕಡೆಯ ಮೊದಲ ಕೆಲವು ಡಿಸ್ಕುಗಳ ಮೇಲೆಯೇ ಕುಸಿಯುತ್ತದೆ. ಪದರಗಳು ಅಗಲವಾಗಿ ಎದುರುಬದುರು ನಿಲ್ಲುವ ಲೇಯರ್ ಕಾಯಿಲ್ ಈ ಒಂದು ವಿಷಯದಲ್ಲಿ ಡಿಸ್ಕಿಗಿಂತ ಮೇಲು. ಆದರೆ 66 ಕೆವಿಯ ಇಂಪಲ್ಸ್ ಪರೀಕ್ಷೆ 325 ಕೆವಿಯದು. ಲೈನಿನ ತುದಿಗೆ ಸ್ಟ್ಯಾಟಿಕ್ ರಿಂಗ್ ಕೂರಿಸಿ, ಮೊದಲ ಕೆಲವು ಡಿಸ್ಕುಗಳ ಪಟ್ಟಿಗೆ ಪೇಪರು ದಪ್ಪವಾಗಿ ಸುತ್ತಿಸಿ, ಅಲ್ಲಿನ ಎಣ್ಣೆಯ ದಾರಿಯನ್ನು ತುಸು ಅಗಲಿಸಿದರೆ ಸಾದಾ ಡಿಸ್ಕೇ ಅದನ್ನು ದಾಟುತ್ತದೆ. ಸುತ್ತುಗಳನ್ನು ಒಂದರೊಳಗೊಂದು ಹೆಣೆದು ಕೆಪಾಸಿಟೆನ್ಸ್ ಹೆಚ್ಚಿಸುವ ಇಂಟರ್‌ಲೀವ್ಡ್ ಡಿಸ್ಕ್ 220 ಕೆವಿ ಕಾಯಿಲ್‌ಗಳ ಪಾಲಿನದು; ಅದರಲ್ಲಿ ಪಕ್ಕಪಕ್ಕದ ಸುತ್ತುಗಳ ನಡುವಿನ ವೋಲ್ಟೇಜ್ ಹಲವು ಪಟ್ಟು ಏರುವುದರಿಂದ ಪಟ್ಟಿಯ ಪೇಪರು ದಪ್ಪವಾಗಬೇಕು, ಬೆಸುಗೆಗಳೂ ಹೆಚ್ಚುತ್ತವೆ. 66 ಕೆವಿಗೆ ಆ ಖರ್ಚನ್ನು ನಾವು ಎಂದೂ ಮಾಡಲಿಲ್ಲ.